ಟ್ಯೂಬಿನ ಮೇಲಿನ ಸಂಖ್ಯೆ, ಬ್ರಷ್ಷಿನ ಮೇಲಿನ ಪೇಸ್ಟು

ನಿಮ್ಮ ಬಚ್ಚಲಲ್ಲಿರುವ ಟೂತ್‌ಪೇಸ್ಟ್ ಟ್ಯೂಬನ್ನು ಒಮ್ಮೆ ಕೈಗೆ ತಗೊಂಡು ಹಿಂಬದಿ ತಿರುಗಿಸಿ ನೋಡಿ. ಮುಂಬದಿಯಲ್ಲಿ ಬಿಳಿ ಹಲ್ಲು, ಪುದೀನ ಎಲೆ, ಲವಂಗ, ಉಪ್ಪು ಎಲ್ಲ ಇರುತ್ತವೆ. ನಮಗೆ ಬೇಕಾದದ್ದು ಹಿಂದೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಫ್ಲೋರೈಡ್ ಅಂತ ಬರೆದಿರುವ ಕಡೆ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಪಿಪಿಎಂ ಎಂಬ ಮೂರು ಇಂಗ್ಲಿಷ್ ಅಕ್ಷರ. ಆ ಪೇಸ್ಟಿನ ಬಲ ಎಷ್ಟು ಅಂತ ಹೇಳುವುದು ಅದೊಂದೇ. ಫ್ಲೋರೈಡ್ ಇರುವ ಪೇಸ್ಟಾದರೆ ಈ ಸಂಖ್ಯೆಯನ್ನು ಟ್ಯೂಬಿನ ಮೇಲೂ ಅದರ ಪೆಟ್ಟಿಗೆಯ ಮೇಲೂ ಮುದ್ರಿಸಲೇಬೇಕು ಅಂತ ನಮ್ಮ ದೇಶದ ಸೌಂದರ್ಯವರ್ಧಕಗಳ ನಿಯಮಗಳು ಹೇಳುತ್ತವೆ. ಅದೇ ನಿಯಮಗಳ ಪ್ರಕಾರ ಇಲ್ಲಿ ಮಾರುವ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಸಂಖ್ಯೆ ಎಲ್ಲೂ ಕಾಣದಿದ್ದರೆ ಅದು ಫ್ಲೋರೈಡ್ ಇಲ್ಲದ ಪೇಸ್ಟು ಅಂತ ಎಣಿಸಬಹುದು. ಗಿಡಮೂಲಿಕೆಯ ಹೆಸರಿನ ಎಷ್ಟೋ ಪೇಸ್ಟುಗಳು ಈ ಗುಂಪಿನವು. ಮಿಸ್ವಾಕ್ ಹೆಸರು ಹೊತ್ತ ಟ್ಯೂಬನ್ನೂ ಹೀಗೇ ತಿರುಗಿಸಿ ನೋಡಿಯೇ ಕೊಳ್ಳಬೇಕು.

ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ. ಕೇಳಲು ದೊಡ್ಡದು, ಬಳಸಲು ಬಹಳ ಸುಲಭ. 1000 ಪಿಪಿಎಂ ಇದ್ದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇದೆ ಎಂದರ್ಥ. 500 ಇದ್ದರೆ ಅರ್ಧ ಮಿಲಿಗ್ರಾಂ. ಇಷ್ಟು ನೆನಪಿದ್ದರೆ ಮುಂದಿನ ಲೆಕ್ಕವನ್ನೆಲ್ಲ ನೀವೇ ಮಾಡಬಹುದು.

ಇಲ್ಲಿ ಒಂದು ಗೊಂದಲ ಬಗೆಹರಿಸಿಬಿಡೋಣ. ಕೆಲವು ಟ್ಯೂಬುಗಳಲ್ಲಿ ಪಿಪಿಎಂ ಜೊತೆಗೆ ಶೇಕಡಾ ಲೆಕ್ಕವೂ ಇರುತ್ತದೆ. ಒಂದರಲ್ಲಿ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಶೇ. 0.76, ಇನ್ನೊಂದರಲ್ಲಿ ಸೋಡಿಯಂ ಫ್ಲೋರೈಡ್ ಶೇ. 0.22. ಮೊದಲನೆಯದು ಮೂರು ಪಟ್ಟು ಗಟ್ಟಿ ಅನ್ನಿಸುತ್ತದೆ, ಅಲ್ವಾ? ಎರಡೂ ಒಂದೇ. ಆ ಶೇಕಡಾ ಇರುವುದು ಇಡೀ ಲವಣದ ತೂಕಕ್ಕೆ. ಮೊದಲ ಲವಣದ ತೂಕದಲ್ಲಿ ಫ್ಲೋರೈಡಿನ ಪಾಲು ಸುಮಾರು ಶೇ. 13 ಮಾತ್ರ, ಎರಡನೆಯದರಲ್ಲಿ ಶೇ. 45. ಗುಣಿಸಿದರೆ ಎರಡೂ ಸುಮಾರು 1000 ಪಿಪಿಎಂಗೇ ಬಂದು ನಿಲ್ಲುತ್ತವೆ. ಆದ್ದರಿಂದ ಶೇಕಡಾವನ್ನು ಬಿಡಿ, ಪಿಪಿಎಂ ನೋಡಿ.

ಇನ್ನು ಮುಖ್ಯ ವಿಷಯ. ಮಗುವಿಗೆ ಪೇಸ್ಟು ಆರಿಸುವಾಗ ನಮ್ಮ ಯೋಚನೆ ಸಹಜವಾಗಿ ಔಷಧಿಯ ದಾರಿಯಲ್ಲೇ ಹೋಗುತ್ತದೆ: ದೊಡ್ಡವರಿಗೆ ಗಟ್ಟಿಯದು, ಚಿಕ್ಕವರಿಗೆ ಸೌಮ್ಯವಾದದ್ದು. ಅಂಗಡಿಯೂ ಹಾಗೇ ನಡೆಸಿಕೊಡುತ್ತದೆ. ಕಾರ್ಟೂನ್ ಚಿತ್ರದ, ಸ್ಟ್ರಾಬೆರಿ ವಾಸನೆಯ ಟ್ಯೂಬುಗಳಲ್ಲಿ ಹಲವಕ್ಕೆ 500ರ ಆಸುಪಾಸಿನ ಸಂಖ್ಯೆ, ಕೆಲವಕ್ಕೆ ಸೊನ್ನೆ. ದಂತವೈದ್ಯರು ಇಂದು ಹೇಳುವ ಲೆಕ್ಕವೇ ಬೇರೆ. ಬಲ ಎಲ್ಲರಿಗೂ ಕನಿಷ್ಠ 1000 ಇರಲಿ, ವಯಸ್ಸಿಗೆ ತಕ್ಕಂತೆ ಬದಲಾಗಬೇಕಾದದ್ದು ಬ್ರಷ್ಷಿನ ಮೇಲೆ ಹಾಕುವ ಪ್ರಮಾಣ. ಅಮೆರಿಕದ ದಂತವೈದ್ಯರ ಸಂಘ 2014ರಲ್ಲಿ ತನ್ನ ಹಳೆಯ ಸಲಹೆಯನ್ನು ಬದಲಿಸಿ, ಮೊದಲ ಹಲ್ಲು ಮೂಡಿದ ದಿನದಿಂದಲೇ ಫ್ಲೋರೈಡ್ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಚ್ಚಿ, ಮೂರು ವರ್ಷ ತುಂಬಿದ ಮೇಲೆ ಬಟಾಣಿಯಷ್ಟು ಹಾಕಿ ಅಂದಿತು. ಬ್ರಿಟನ್ನಿನ ಮಾರ್ಗಸೂಚಿಯೂ ಇದೇ ದಾರಿಯದು.

ಬಲವನ್ನೇ ಇಳಿಸಿದರೆ ಏನು ತೊಂದರೆ ಅಂತ ಕೇಳಬಹುದು. ಹಲ್ಲು ಹುಳುಕಾಗುವುದು ಹೇಗೆ ಅಂತ ನೋಡಿದರೆ ಗೊತ್ತಾಗುತ್ತದೆ. ನಾವು ಸಿಹಿಯನ್ನೋ ಹಿಟ್ಟಿನ ಪದಾರ್ಥವನ್ನೋ ತಿಂದಾಗ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸುತ್ತವೆ. ಆಮ್ಲ ತಗುಲಿದಾಗ ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಹೊರಬರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಎಂಜಲು ಆಮ್ಲವನ್ನು ತಣಿಸುತ್ತದೆ, ಹೊರಬಂದದ್ದು ಮತ್ತೆ ಒಳಗೆ ಕೂರುತ್ತದೆ. ಹೀಗೆ ದಿನಕ್ಕೆ ಎಷ್ಟೋ ಸಲ ನಡೆಯುತ್ತದೆ. ಫ್ಲೋರೈಡ್ ಮಾಡುವ ಕೆಲಸ ಈ ಮರಳಿ ಕೂರುವ ಹೊತ್ತಿನದು. ಅದು ಎಂಜಲಿನಲ್ಲಿ ಇದ್ದರೆ ಲವಣಗಳು ಬೇಗ ಕೂರುತ್ತವೆ, ಕೂತದ್ದು ಮುಂದಿನ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಅಂದರೆ ಫ್ಲೋರೈಡ್ ಹೊಟ್ಟೆಗೆ ಹೋಗಿ ಮಾಡುವ ಉಪಕಾರ ಇದಲ್ಲ. ಹಲ್ಲಿನ ಮೇಲ್ಮೈಗೆ ತಾಗಿ ಅಲ್ಲೇ ಇದ್ದಷ್ಟು ಹೊತ್ತು ಅದರ ಕೆಲಸ. ತಾಗುವ ಪೇಸ್ಟು ತೆಳುವಾಗಿದ್ದರೂ ಪರವಾಗಿಲ್ಲ, ಬಲ ಇರಬೇಕು. ಮಕ್ಕಳ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಮಾಡಿ ನೋಡಿದ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆಯಲ್ಲಿ ಹುಳುಕು ಖಚಿತವಾಗಿ ಕಡಿಮೆಯಾದದ್ದು 1000 ಮತ್ತು ಅದಕ್ಕಿಂತ ಹೆಚ್ಚಿನ ಬಲದ ಪೇಸ್ಟುಗಳಲ್ಲಿ. 500ರ ಸುತ್ತಲಿನವುಗಳಿಗೆ ಅಂಥ ಸ್ಪಷ್ಟ ಪುರಾವೆ ಸಿಗಲಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಪುಣೆಯ ಒಂದು ಫ್ಲ್ಯಾಟನ್ನು ಕಲ್ಪಿಸಿಕೊಳ್ಳಿ. ಚಿಕ್ಕಬಳ್ಳಾಪುರ ಕಡೆಯಿಂದ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬ. ಇಪ್ಪತ್ತು ತಿಂಗಳ ಹೆಣ್ಣುಮಗು, ತೂಕ 11 ಕಿಲೋ. ಅವಳ ಅಣ್ಣನಿಗೆ ಐದು ವರ್ಷ, 18 ಕಿಲೋ. ಅಕ್ಕನಿಗೆ ಹದಿನಾಲ್ಕು, ಹಲ್ಲಿಗೆ ಈಗಷ್ಟೇ ತಂತಿ ಹಾಕಿಸಿದ್ದಾರೆ. ಅಪ್ಪ, ಅಮ್ಮ. ಊರಿಂದ ಬಂದಿರುವ ಅಜ್ಜಿಗೆ ಎಪ್ಪತ್ತೆರಡು. ಬಚ್ಚಲಲ್ಲಿ 1000 ಪಿಪಿಎಂನ ದೊಡ್ಡ ಟ್ಯೂಬೊಂದು, ಮಕ್ಕಳದ್ದೆಂದು ತಂದ 500ರ ಟ್ಯೂಬೊಂದು.

ಮೊದಲು ಆ ಚಿಕ್ಕವಳು. ಎರಡು ವರ್ಷದ ಒಳಗಿನ ಮಗುವಿಗೆ ಉಗುಳಲು ಬರುವುದಿಲ್ಲ. ಬಾಯಿಗೆ ಹೋದದ್ದರಲ್ಲಿ ಬಹುಪಾಲು ನುಂಗುತ್ತದೆ ಅಂತಲೇ ಇಟ್ಟುಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಆಹಾರ, ನೀರು, ಪೇಸ್ಟು ಎಲ್ಲ ಸೇರಿ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಫ್ಲೋರೈಡನ್ನು ಮೇಲ್ಮಿತಿಯಾಗಿ ಇಡಲಾಗಿದೆ. 11 ಕಿಲೋ ಮಗುವಿಗೆ 1.1 ಮಿಲಿಗ್ರಾಂ ಆಯಿತು. ಅಕ್ಕಿಕಾಳಿನಷ್ಟು ಪೇಸ್ಟು ಅಂದರೆ ಸುಮಾರು 0.1 ಗ್ರಾಂ. ದಿನಕ್ಕೆ ಎರಡು ಸಲಕ್ಕೆ 0.2 ಗ್ರಾಂ, ಅದರಲ್ಲಿ ಫ್ಲೋರೈಡ್ 0.2 ಮಿಲಿಗ್ರಾಂ. ಮಗು ಒಂದು ಚೂರೂ ಬಿಡದೆ ನುಂಗಿದರೂ ಮಿತಿಯ ಐದನೇ ಒಂದು ಭಾಗದ ಒಳಗೇ ಇದೆ.

ಈಗ 500ರ ಮಕ್ಕಳ ಪೇಸ್ಟನ್ನು ನೋಡಿ. ಸೌಮ್ಯವಾದದ್ದು ತಾನೇ ಅಂತ ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಹಾಕುತ್ತೀರಿ. ಅದು ಸುಮಾರು ಒಂದು ಗ್ರಾಂ. ಎರಡು ಸಲಕ್ಕೆ ಎರಡು ಗ್ರಾಂ, ಫ್ಲೋರೈಡ್ ಒಂದು ಮಿಲಿಗ್ರಾಂ. ಅರ್ಧ ನುಂಗಿದರೂ 0.5. ಅಂದರೆ ಗಟ್ಟಿ ಪೇಸ್ಟಿನ ಅಕ್ಕಿಕಾಳಿಗಿಂತ ಸೌಮ್ಯ ಪೇಸ್ಟಿನ ಪಟ್ಟಿಯಿಂದಲೇ ಮಗುವಿನ ಹೊಟ್ಟೆಗೆ ಎರಡೂವರೆ ಪಟ್ಟು ಫ್ಲೋರೈಡ್ ಹೋಯಿತು. ಹಲ್ಲಿಗೆ ತಾಗಿದ ಬಲ ಮಾತ್ರ ಅರ್ಧ. ಎರಡೂ ಕಡೆ ನಷ್ಟ. ಬಾಯಿಗೆ ಸಿಹಿಯಾಗಿ, ಚಾಕೊಲೇಟಿನಂತೆ ವಾಸನೆ ಬರುವ ಪೇಸ್ಟಾದರೆ ಮಗು ಬೇಕಂತಲೇ ನುಂಗುತ್ತದೆ, ಅದೂ ಲೆಕ್ಕಕ್ಕೆ ಸೇರಲಿ. ಆ 1000ರ ಟ್ಯೂಬನ್ನೇ ಮಗುವಿಗೂ ಬಳಸಬಹುದು. ಪುದೀನ ಖಾರ ಅಂತ ಮಗು ಬಾಯಿ ಮುಚ್ಚಿಕೊಂಡರೆ ಕಡಿಮೆ ಖಾರದ, ಆದರೆ 1000 ಅಂತ ಬರೆದಿರುವ ಮಕ್ಕಳ ಪೇಸ್ಟನ್ನು ಹುಡುಕಿ.

‘ಅಕ್ಕಿಕಾಳು’ ಅಂದಾಗ ಸೋನಾ ಮಸೂರಿಯ ಸಣ್ಣ ಕಾಳೋ, ಬಾಸ್ಮತಿಯ ಉದ್ದ ಕಾಳೋ ಅಂತ ತಲೆಕೆಡಿಸಿಕೊಳ್ಳಬೇಡಿ. ಬ್ರಷ್ಷಿನ ಕೂದಲಿನ ಮೇಲೆ ತೆಳುವಾಗಿ ಸವರಿದ ಗುರುತು ಕಾಣಬೇಕು, ಗುಡ್ಡೆ ಕಾಣಬಾರದು. ಟ್ಯೂಬನ್ನು ಒತ್ತಿ ಸುರಿಸುವ ಬದಲು ಅದರ ಬಾಯನ್ನು ಬ್ರಷ್ಷಿಗೆ ಅಡ್ಡಲಾಗಿ ಒಮ್ಮೆ ಒರೆಸಿದರೆ ಅಷ್ಟೇ ಬರುತ್ತದೆ. ನಂಬಿಕೆ ಬರದಿದ್ದರೆ ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ಒಂದು ಕಾಗದ ಇಟ್ಟು ಹತ್ತು ಸಲ ಹಾಗೆ ಹಾಕಿ. ಒಟ್ಟು ಒಂದು ಗ್ರಾಂ ಆಸುಪಾಸು ಬಂದರೆ ನಿಮ್ಮ ಕೈಗೆ ಅಳತೆ ಸಿಕ್ಕಿದೆ ಅಂತ ಅರ್ಥ.

ಅಣ್ಣನಿಗೆ ಬಟಾಣಿ. ಒಣಬಟಾಣಿಯ ಗಾತ್ರ ಇಟ್ಟುಕೊಳ್ಳಿ, ಸುಮಾರು 0.25 ಗ್ರಾಂ. ಎರಡು ಸಲಕ್ಕೆ ಅರ್ಧ ಮಿಲಿಗ್ರಾಂ ಫ್ಲೋರೈಡ್. ಅವನ ಮಿತಿ 1.8 ಇರುವುದರಿಂದ ಪೂರ್ತಿ ನುಂಗಿದರೂ ಅಡ್ಡಿಯಿಲ್ಲ, ಆದರೆ ಈಗ ಉಗುಳಲು ಕಲಿಸಬೇಕಾದ ವಯಸ್ಸು. ಪೇಸ್ಟು ಹಾಕುವ ಕೆಲಸ ದೊಡ್ಡವರ ಕೈಯಲ್ಲೇ ಇರಲಿ. ಐದು ವರ್ಷದ ಹುಡುಗನ ಕೈಗೆ ಟ್ಯೂಬು ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಹಾಗೆ ಆಗುತ್ತಿದೆಯಾ ಅಂತ ಪತ್ತೆಮಾಡಲು ಒಂದು ಸುಲಭ ದಾರಿ ಇದೆ. 100 ಗ್ರಾಂ ಟ್ಯೂಬನ್ನು ಅವನೊಬ್ಬನೇ ಬಟಾಣಿಯ ಅಳತೆಯಲ್ಲಿ ಬಳಸಿದರೆ ಅದು 200 ದಿನ ಬರಬೇಕು. ಎರಡೇ ತಿಂಗಳಲ್ಲಿ ಮುಗಿಯಿತು ಅಂದರೆ ಅಳತೆ ಮೂರು ಪಟ್ಟು ಮೀರಿದೆ. ಇನ್ನೊಂದು ಮಾತು: ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಹಿಂದಿನ ದವಡೆಯವರೆಗೆ ಸರಿಯಾಗಿ ಉಜ್ಜುವ ಹದ ಬಂದಿರುವುದಿಲ್ಲ. ಅವನು ಉಜ್ಜಿಕೊಂಡ ಮೇಲೆ ನೀವೊಮ್ಮೆ ಉಜ್ಜಿಬಿಡಿ.

ಅಳತೆ ಮೀರಿದರೆ ಆಗುವುದು ಏನು? ಶಾಶ್ವತ ಹಲ್ಲುಗಳು ಮೂಡುವ ಎಷ್ಟೋ ಮೊದಲೇ ದವಡೆಯೊಳಗೆ ಅವುಗಳ ಎನಾಮಲ್ ಕಟ್ಟಿಕೊಳ್ಳುತ್ತಿರುತ್ತದೆ. ಮೇಲಿನ ಎದುರು ಹಲ್ಲುಗಳಿಗೆ ಒಂದೂವರೆ, ಎರಡು, ಮೂರು ವರ್ಷದ ಸುತ್ತಿನ ಕಾಲ ಬಹಳ ಸೂಕ್ಷ್ಮ. ಆಗ ದಿನವೂ, ತಿಂಗಳುಗಟ್ಟಲೆ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಏಳನೇ ವಯಸ್ಸಿಗೆ ಮೂಡುವ ಹಲ್ಲಿನಲ್ಲಿ ಬಿಳಿ ಗೆರೆ, ಮಚ್ಚೆ ಕಾಣುತ್ತವೆ. ಇದೇ ದಂತ ಫ್ಲೋರೋಸಿಸ್. ಎಂಟು ವರ್ಷ ದಾಟಿದ ಮೇಲೆ, ಬುದ್ಧಿಹಲ್ಲು ಬಿಟ್ಟರೆ, ಎನಾಮಲ್ ಕಟ್ಟುವ ಕೆಲಸ ಮುಗಿದಿರುತ್ತದೆ. ದೊಡ್ಡವರ ಹಲ್ಲಿಗೆ ಪೇಸ್ಟಿನಿಂದ ಹೊಸದಾಗಿ ಈ ಮಚ್ಚೆ ಬರುವ ಮಾತೇ ಇಲ್ಲ.

ಬಿಳಿ ಮಚ್ಚೆ ಕಂಡ ಕೂಡಲೇ ತಾಯ್ತಂದೆಯರು ‘ಫ್ಲೋರೈಡ್ ಜಾಸ್ತಿಯಾಯಿತು’ ಅಂತ ಪೇಸ್ಟು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವ ಮೊದಲು ಸರಿಯಾಗಿ ನೋಡಿ, ಏಕೆಂದರೆ ಶುರುವಾಗುತ್ತಿರುವ ಹುಳುಕು ಕೂಡ ಬಿಳಿಯಾಗಿಯೇ ಇರುತ್ತದೆ. ಮಗುವಿನ ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ, ಹಲ್ಲನ್ನು ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ನೋಡಿ. ಒಸಡಿನ ಅಂಚಿಗೆ ಅಂಟಿಕೊಂಡಂತೆ ಸುಣ್ಣ ಬಳಿದ ಹಾಗೆ ಹೊಳಪಿಲ್ಲದ ಪಟ್ಟಿ ಇದ್ದರೆ ಅದು ಹುಳುಕಿನ ಮೊದಲ ಹೆಜ್ಜೆ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಮೇಲಿನ ಎದುರು ಹಲ್ಲುಗಳಲ್ಲೇ ಇದು ಮೊದಲು ಕಾಣುತ್ತದೆ. ಇಂಥ ಮಗುವಿಗೆ ಫ್ಲೋರೈಡ್ ಪೇಸ್ಟು ನಿಲ್ಲಿಸಿದರೆ ಇರುವ ಒಂದು ರಕ್ಷಣೆಯನ್ನೂ ಕಿತ್ತುಕೊಂಡಂತೆ. ಫ್ಲೋರೋಸಿಸ್ ಹಾಗಲ್ಲ. ಅದು ಹಾಲುಹಲ್ಲಿನಲ್ಲಿ ಅಪರೂಪ, ಹಲ್ಲು ಮೂಡುವಾಗಲೇ ಇರುತ್ತದೆ, ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತರ ಇರುತ್ತದೆ, ಅಡ್ಡಡ್ಡ ತೆಳು ಗೆರೆಗಳಾಗಿ ಹಲ್ಲಿನ ತುಂಬ ಹರಡಿರುತ್ತದೆ. ಹಾಗಾಗಿ ಎರಡು ವರ್ಷದ ಮಗುವಿನ ಒಸಡಿನ ಬಳಿಯ ಬಿಳಿ ಪಟ್ಟಿಯನ್ನು ಫ್ಲೋರೋಸಿಸ್ ಅಂದುಕೊಳ್ಳದೆ ದಂತವೈದ್ಯರ ಬಳಿ ಹೋಗಿ. ಗುಳಿ ಬೀಳುವ ಮೊದಲಾದರೆ ಅದನ್ನು ಕೊರೆಯದೆಯೇ ಗಟ್ಟಿಮಾಡಬಹುದು.

ಫ್ಲೋರೈಡಿನ ಮಾತು ಬಂದಾಗ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು ಕಡೆಯವರ ಮುಖದಲ್ಲಿ ಬೇರೆಯೇ ಒಂದು ಭಯ ಕಾಣುತ್ತದೆ, ಹೈದರಾಬಾದಿನಲ್ಲಿರುವವರಿಗೆ ನಲ್ಗೊಂಡ ನೆನಪಾಗುತ್ತದೆ. ಆ ಭಯಕ್ಕೆ ಕಾರಣ ಇದೆ. ಕಂದು ಹಲ್ಲು, ಬಾಗಿದ ಕಾಲು, ಬಿಗಿದ ಬೆನ್ನು ನೋಡಿ ಬೆಳೆದವರು ಅವರು. ಆದರೆ ಅದು ಕೊಳವೆಬಾವಿಯ ನೀರು ಮಾಡಿದ ಕೆಲಸ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನಕ ಹೇಳುತ್ತದೆ. ಮೂರು ಮಿಲಿಗ್ರಾಂ ಇರುವ ನೀರನ್ನು ದೊಡ್ಡವರೊಬ್ಬರು ದಿನಕ್ಕೆ ಮೂರು ಲೀಟರ್ ಕುಡಿದರೆ ಒಂಬತ್ತು ಮಿಲಿಗ್ರಾಂ ಒಳಗೆ ಹೋಯಿತು. ಉಗುಳಿಬಿಡುವ ಪೇಸ್ಟನ್ನು ಇದರ ಪಕ್ಕ ನಿಲ್ಲಿಸಲಾಗದು. ಅಂಥ ಊರಲ್ಲೇ ಬೆಳೆಯುತ್ತಿರುವ ಆರು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಮಾತ್ರ ನಮ್ಮ ಲೆಕ್ಕ ಬದಲಾಗುತ್ತದೆ. ನೀರೇ ಅದರ ಮಿತಿಯನ್ನು ತುಂಬಿಬಿಟ್ಟಿರಬಹುದು. ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಆ ಸಂಖ್ಯೆ ಹಿಡಿದುಕೊಂಡು ದಂತವೈದ್ಯರನ್ನು ಕೇಳಿ ಪೇಸ್ಟು ಆರಿಸಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಓ ಯಂತ್ರ ಬಹುಪಾಲು ತೆಗೆಯುತ್ತದೆ.

ನಮ್ಮ ಪುಣೆಯ ಮನೆಯ ಮಕ್ಕಳು ನಗರಪಾಲಿಕೆಯ ಅಣೆಕಟ್ಟಿನ ನೀರು ಕುಡಿದು ಬೆಳೆಯುತ್ತಿದ್ದಾರೆ. ಬೇಸಿಗೆ ರಜೆಗೆ ಹದಿನೈದು ದಿನ ಊರಿಗೆ ಹೋಗಿ ಬಂದರೆ ಪೇಸ್ಟು ಬದಲಿಸುವ ಅಗತ್ಯ ಇಲ್ಲ. ಆದರೆ ನಿಮ್ಮ ಅಪಾರ್ಟ್‌ಮೆಂಟಿಗೆ ವರ್ಷಪೂರ್ತಿ ಕೊಳವೆಬಾವಿಯ ಟ್ಯಾಂಕರ್ ನೀರೇ ಬರುತ್ತಿದ್ದು ಅದನ್ನೇ ಕುಡಿಯುತ್ತಿದ್ದರೆ, ನಗರದಲ್ಲಿದ್ದೇವೆ ಅಂತ ಸುಮ್ಮನಿರಬೇಡಿ, ಒಮ್ಮೆ ಪರೀಕ್ಷೆ ಮಾಡಿಸಿ.

ಅಕ್ಕ, ಅಪ್ಪ, ಅಮ್ಮನ ವಿಷಯ ಬೇಗ ಮುಗಿಯುತ್ತದೆ. ಆರು ವರ್ಷ ದಾಟಿ, ಉಗುಳಲು ಚೆನ್ನಾಗಿ ಬಂದ ಮೇಲೆ ಅರ್ಧದಿಂದ ಒಂದು ಗ್ರಾಂ ಪೇಸ್ಟು ಸಾಕು. ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಾಕುವುದು ಕಂಪನಿಗೆ ಲಾಭ, ಹಲ್ಲಿಗೆ ನೊರೆ ಜಾಸ್ತಿ, ಅಷ್ಟೇ. ತಂತಿ ಹಾಕಿಸಿಕೊಂಡ ಅಕ್ಕನ ಹಲ್ಲಿನಲ್ಲಿ ಅನ್ನದ ಅಗಳು ನಿಲ್ಲುವ ಸಂದಿಗಳು ಹೆಚ್ಚು. ತಂತಿ ಬಿಚ್ಚಿದ ದಿನ ಅದರ ಗುರುತಿನ ಸುತ್ತ ಬಿಳಿ ಚೌಕಗಳು ಉಳಿಯುವುದು ಇದಕ್ಕೇ. ಅವಳಿಗೆ ವೈದ್ಯರು ಫ್ಲೋರೈಡ್ ಇರುವ ಮೌತ್‌ವಾಶ್ ಕೂಡ ಹೇಳಬಹುದು. ಅದರ ಬಲ ಸುಮಾರು 225 ಪಿಪಿಎಂ ಮಾತ್ರ, ಆದ್ದರಿಂದ ಬ್ರಷ್ ಮಾಡಿದ ಕೂಡಲೇ ಬಳಸಿದರೆ ಪೇಸ್ಟಿನ ಬಲವನ್ನು ತೊಳೆದುಹಾಕಿದಂತಾಗುತ್ತದೆ. ಶಾಲೆಯಿಂದ ಬಂದ ಮೇಲೆ ಸಂಜೆ ಬಳಸಲಿ.

ಗಲ್ಫಿನಲ್ಲಿರುವ ಸಂಬಂಧಿಕರು ತಂದುಕೊಡುವ ಟ್ಯೂಬುಗಳಲ್ಲಿ 1450 ಅಂತ ಬರೆದಿರುವುದನ್ನು ನೋಡಿರಬಹುದು. ಯುರೋಪು ಮತ್ತಿತರ ಕಡೆ ಮಿತಿ 1500 ಇರುವುದರಿಂದ ಆ ಬಲ. ಆರು ದಾಟಿದವರಿಗೆ ಅದು ಒಳ್ಳೆಯದೇ, ದೊಡ್ಡವರಿಗೆ ಬ್ರಿಟನ್ನಿನ ಸಲಹೆಯೂ 1350ರಿಂದ 1500. ಮನೆಯಲ್ಲಿ ಆರರ ಕೆಳಗಿನವರಿದ್ದರೆ ಅದನ್ನು ಅವರ ಕೈಗೆ ಸಿಗದಂತೆ ಇಟ್ಟು, ಅವರಿಗೆ 1000ರದ್ದೇ ಬಳಸಿ.

ಇನ್ನು ಎಲ್ಲ ವಯಸ್ಸಿನವರೂ ಮಾಡುವ ಒಂದು ಕೆಲಸ ಇದೆ, ಪೇಸ್ಟಿನ ಮೇಲಿನ ಸಂಖ್ಯೆಯನ್ನೇ ಅರ್ಥವಿಲ್ಲದಂತೆ ಮಾಡುವಂಥದ್ದು. ಎರಡು ನಿಮಿಷ ಉಜ್ಜಿ, ಚೊಂಬು ನೀರು ಹಾಕಿ ಗಳಗಳ ಮುಕ್ಕಳಿಸುವುದು. ಹಲ್ಲಿನ ಮೇಲೆ ಉಳಿಯಬೇಕಾಗಿದ್ದ ಫ್ಲೋರೈಡ್ ಸಿಂಕಿಗೆ ಹೋಯಿತು. ನೊರೆಯನ್ನು ಎರಡು ಮೂರು ಸಲ ಚೆನ್ನಾಗಿ ಉಗುಳಿ, ನೀರು ಹಾಕದೆ ಬಿಟ್ಟುಬಿಡಿ. ಮೊದಲ ವಾರ ಬಾಯಿ ಏನೋ ಒಂಥರಾ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ನಮ್ಮಲ್ಲಿ ಇದಕ್ಕೊಂದು ಹೆಚ್ಚುವರಿ ತೊಡಕಿದೆ. ರಾತ್ರಿ ಬ್ರಷ್ ಮಾಡಿ ಕೂಡಲೇ ಇಶಾ ನಮಾಝ್‌ಗೆ ವುಝೂ ಮಾಡಿದರೆ ಬಾಯಿ ಮುಕ್ಕಳಿಸುವುದು ಅದರ ಭಾಗವೇ ಆದ್ದರಿಂದ ಪೇಸ್ಟಿನ ಫಲ ಅಲ್ಲಿಗೇ ಮುಗಿಯಿತು. ಇಶಾ ಮುಗಿಸಿ, ಮಲಗುವ ಮೊದಲಿನ ಕೊನೆಯ ಕೆಲಸವಾಗಿ ಬ್ರಷ್ ಮಾಡಿ. ನಿದ್ದೆಯಲ್ಲಿ ಎಂಜಲು ಕಡಿಮೆ, ಫ್ಲೋರೈಡ್ ಬಹಳ ಹೊತ್ತು ನಿಲ್ಲುತ್ತದೆ. ರಮಝಾನಿನಲ್ಲೂ ಇದೇ ಹೊತ್ತನ್ನು ಗಟ್ಟಿಮಾಡಿಕೊಳ್ಳಬಹುದು: ಇಫ್ತಾರ್, ತರಾವೀಹ್ ಎಲ್ಲ ಮುಗಿದು ಮಲಗುವ ಮೊದಲು, ಮುಕ್ಕಳಿಸದೆ. ಎರಡನೆಯದು ಸಹರಿ ಮುಗಿದ ಮೇಲೆ, ಸಮಯ ಮುಗಿಯುವ ಒಂದಷ್ಟು ಮೊದಲು. ಆಗ ಪೇಸ್ಟಿನ ರುಚಿ ಉಳಿಯಬಾರದು ಅಂತ ಮುಕ್ಕಳಿಸಿದರೂ ರಾತ್ರಿಯದ್ದು ಕೆಲಸ ಮಾಡಿರುತ್ತದೆ. ಹಗಲಲ್ಲಿ ಮಿಸ್ವಾಕ್ ಕಡ್ಡಿ ಬಳಸುವವರು ಬಳಸಲಿ. ಪಾಚಿ ತೆಗೆಯಲು ಅದು ಒಳ್ಳೆಯ ಸಾಧನ, ಫ್ಲೋರೈಡ್ ಪೇಸ್ಟಿನ ಜಾಗವನ್ನು ಮಾತ್ರ ಅದು ತುಂಬುವುದಿಲ್ಲ.

ಕೊನೆಗೆ ಅಜ್ಜಿ. ಮನೆಯಲ್ಲಿ ಪೇಸ್ಟಿನ ವಿಷಯಕ್ಕೆ ಯಾರೂ ನೆನೆಯದವರು ಅವರೇ. ‘ಇನ್ನೆಷ್ಟು ಹಲ್ಲು ಉಳಿದಿದೆ ಬಿಡಪ್ಪ’ ಅಂತ ಅವರೂ ನಗುತ್ತಾ ಬೆರಳಿನಲ್ಲಿ ಕೆಂಪು ಹಲ್ಲುಪುಡಿ ತಿಕ್ಕಿಕೊಳ್ಳುತ್ತಾರೆ. ನಿಜಕ್ಕೂ ಮಗುವಿನಷ್ಟೇ ಅಪಾಯದಲ್ಲಿರುವುದು ಅವರ ಹಲ್ಲು. ವಯಸ್ಸಾದಂತೆ ಒಸಡು ಕೆಳಗೆ ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮಲ್ ಇಲ್ಲ. ಎನಾಮಲ್ ಕರಗಲು ಬಾಯಿಯ ಪಿಎಚ್ ಸುಮಾರು 5.5ಕ್ಕೆ ಇಳಿಯಬೇಕು, ಬೇರು 6.5ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಅಂದರೆ ಇನ್ನೂ ಬಹಳ ಸೌಮ್ಯವಾದ ಆಮ್ಲವೇ ಸಾಕು. ಜೊತೆಗೆ ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಎಂಜಲನ್ನು ಒಣಗಿಸುತ್ತವೆ. ಬಾಯಿ ಒಣಗುತ್ತದೆ ಅಂತ ಅಜ್ಜಿ ಸಕ್ಕರೆಯ ಪೆಪ್ಪರ್‌ಮಿಂಟು ಚೀಪುತ್ತಾರೆ, ಗಂಟೆಗೊಮ್ಮೆ ಚಹಾ ಗುಟುಕರಿಸುತ್ತಾರೆ. ಒರಟು ಪುಡಿ ಮೆತ್ತಗಿನ ಬೇರನ್ನು ಇನ್ನಷ್ಟು ಸವೆಸುತ್ತದೆ.

ಬೇರಿನ ಹುಳುಕು ನೋವಿಲ್ಲದೆ ಬೆಳೆಯುತ್ತದೆ. ಒಸಡಿನ ಅಂಚಿನ ಸುತ್ತ ಹಳದಿ ಅಥವಾ ಕಂದು ಪಟ್ಟಿ, ಚರ್ಮದಂತೆ ಮೆತ್ತಗಿನ ಮೇಲ್ಮೈ ಅದರ ಗುರುತು. ಬಿಟ್ಟರೆ ಸುತ್ತಲೂ ಕೊರೆದು, ಒಂದು ದಿನ ರೊಟ್ಟಿ ಕಡಿಯುವಾಗ ಹಲ್ಲು ಒಸಡಿನ ಮಟ್ಟಕ್ಕೆ ಮುರಿದುಬೀಳುತ್ತದೆ. ಅಜ್ಜಿಗೆ ಮೆತ್ತಗಿನ ಬ್ರಷ್ಷು, 1000ಕ್ಕೆ ಕಡಿಮೆಯಿಲ್ಲದ ಪೇಸ್ಟು, ದಿನಕ್ಕೆ ಎರಡು ಸಲ, ಮುಕ್ಕಳಿಸದೆ. ಬೇರಿನ ಹುಳುಕು ಈಗಾಗಲೇ ಶುರುವಾಗಿದ್ದರೆ, ಬಾಯಿ ತೀರಾ ಒಣಗುತ್ತಿದ್ದರೆ ಅಂಗಡಿಯ ಪೇಸ್ಟು ಸಾಲದು. ಇಂಥವರಿಗಾಗಿಯೇ 5000 ಪಿಪಿಎಂ ಪೇಸ್ಟು ಇದೆ, ಅದು ದಂತವೈದ್ಯರು ಬರೆದುಕೊಟ್ಟು ಬಳಸುವಂಥದ್ದು, ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿ ಇಡಬೇಕಾದದ್ದು. ಅಲ್ಲದೆ ಕ್ಲಿನಿಕ್ಕಿನಲ್ಲಿ ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಶ್ ಇದೆ, ಅದರ ಬಲ 22,600 ಪಿಪಿಎಂ, ಆದರೆ ಕೆಲವೇ ಹನಿ ಬಳಿದು ಅಂಟಿಸಿಬಿಡುತ್ತಾರೆ. ಪಾರ್ಶ್ವವಾಯು ಆಗಿ ನುಂಗಲು ಕಷ್ಟಪಡುವ ಹಿರಿಯರಿಗೆ ಮತ್ತೆ ಬಟಾಣಿಯ ಅಳತೆಗೆ ಬನ್ನಿ, ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ ಉಜ್ಜಿ, ನೊರೆಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಅರ್ಧ ಕಟ್ಟಿನ ಹಲ್ಲಿನ ಸೆಟ್ಟು ಇದ್ದರೆ ಅದನ್ನು ಕಳಚಿಟ್ಟು, ಅದು ಆತುಕೊಳ್ಳುವ ಸ್ವಂತ ಹಲ್ಲುಗಳ ಬುಡವನ್ನು ಮರೆಯದೆ ಉಜ್ಜಬೇಕು.

ಟ್ಯೂಬು ಎಲ್ಲಿಡಬೇಕು ಎಂಬುದಕ್ಕೂ ಲೆಕ್ಕ ಇದೆ. ಕಿಲೋ ತೂಕಕ್ಕೆ 5 ಮಿಲಿಗ್ರಾಂ ಫ್ಲೋರೈಡ್ ಒಮ್ಮೆಲೇ ಹೊಟ್ಟೆಗೆ ಹೋದರೆ ಆಸ್ಪತ್ರೆಗೆ ಓಡಬೇಕಾದ ಮಟ್ಟ ಅಂತ ವೈದ್ಯರು ಎಣಿಸುತ್ತಾರೆ. ನಮ್ಮ 11 ಕಿಲೋ ಮಗುವಿಗೆ 55 ಮಿಲಿಗ್ರಾಂ. 1000ರ ಪೇಸ್ಟಿನಲ್ಲಿ 55 ಗ್ರಾಂ, ಅಂದರೆ ದೊಡ್ಡ ಟ್ಯೂಬಿನ ಅರ್ಧಕ್ಕಿಂತ ತುಸು ಹೆಚ್ಚು. 1450ರದ್ದಾದರೆ 38 ಗ್ರಾಂ. ಅಕ್ಕಿಕಾಳು ನುಂಗಿದ್ದಕ್ಕೆ ಹೆದರಬೇಕಾಗಿಲ್ಲ. ಒಂದೆರಡು ಚಮಚ ತಿಂದುಬಿಟ್ಟರೆ ಹೊಟ್ಟೆ ತೊಳೆಸಬಹುದು, ಒಂದು ಲೋಟ ಹಾಲು ಕುಡಿಸಿ, ಹಾಲಿನ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ, ವೈದ್ಯರಿಗೆ ಫೋನ್ ಮಾಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಷ್ಟು ತಿಂದಿದೆ ಗೊತ್ತಿಲ್ಲ, ಟ್ಯೂಬು ಅರ್ಧ ಖಾಲಿ ಇದೆ ಅಂದರೆ ಹಾಲು ಕುಡಿಸಿ ಮಗುವಿನ ಜೊತೆ ಟ್ಯೂಬನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಕೇಳುವುದು ಮಗುವಿನ ತೂಕ ಮತ್ತು ಆ ಪಿಪಿಎಂ ಸಂಖ್ಯೆ.

ಅವಧಿ ಮೀರುವ ದಿನಾಂಕ ಕೂಡ ಫ್ಲೋರೈಡ್ ಪೇಸ್ಟಿನ ಮೇಲೆ ಕಡ್ಡಾಯ. ಇದು ಬರೀ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಬಿಳಿ ಪೇಸ್ಟುಗಳಲ್ಲಿ ಉಜ್ಜಲು ಇರುವುದು ಸುಣ್ಣದಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಬಿಡಿ ಫ್ಲೋರೈಡನ್ನು ಅದು ಹಿಡಿದು ಕಟ್ಟಿಹಾಕುತ್ತದೆ, ಅದಕ್ಕಾಗಿಯೇ ಅಂಥ ಪೇಸ್ಟಿಗೆ ಮೊನೊಫ್ಲೋರೋಫಾಸ್ಫೇಟ್ ಬಳಸುತ್ತಾರೆ. ಆದರೂ ತಿಂಗಳುಗಳು ಕಳೆದಂತೆ, ಬಿಸಿಲಿನ ಊರಲ್ಲಿ ಇನ್ನೂ ಬೇಗ, ಒಂದಷ್ಟು ಫ್ಲೋರೈಡ್ ಕಟ್ಟುಬಿದ್ದು ಹಲ್ಲಿಗೆ ಸಿಗದಂತಾಗುತ್ತದೆ. ಮುದ್ರಿಸಿದ ಸಂಖ್ಯೆ 1000 ಇದ್ದರೂ ಕೆಲಸಕ್ಕೆ ಬರುವುದು ಅದಕ್ಕಿಂತ ಕಡಿಮೆ. ರಿಯಾಯಿತಿಯಲ್ಲಿ ಸಿಕ್ಕಿತು ಅಂತ ಆರು ಟ್ಯೂಬು ಕೊಳ್ಳುವ ಮೊದಲು, ಅಕ್ಕಿಕಾಳು ಬಳಸುವ ಮಗುವಿಗೆ ಒಂದೇ ಟ್ಯೂಬು 500 ದಿನ ಬರುತ್ತದೆ ಎಂಬುದು ನೆನಪಿರಲಿ, ಅವಳಿಗೆ ಬೇರೆ ಟ್ಯೂಬೇ ಬೇಡ, ಎಲ್ಲರದ್ದರಲ್ಲೇ ಸವರಿದರಾಯಿತು. ಆ ದಿನಾಂಕವನ್ನು ಬಹಳ ಸಲ ಟ್ಯೂಬಿನ ಬುಡದ ಮಡಿಕೆಯ ಮೇಲೆ ಒತ್ತಿರುತ್ತಾರೆ. ಬುಡದಿಂದ ಸುತ್ತಿಕೊಂಡು ಬರುವ ಅಭ್ಯಾಸ ನಿಮ್ಮದಾದರೆ ಸುತ್ತುವ ಮೊದಲೇ ಓದಿಕೊಳ್ಳಿ.